ಇನ್ನೂರ ಹನ್ನೆರಡು ಕಮೆಂಟ್, ಐದು ಪ್ರಶ್ನೆ: ಶಿರಸಿಯ ಬೋರ್ಡೋ ವಿಡಿಯೊದ ಪ್ರಕರಣ

ಶಿರಸಿ ಸೀಮೆಯಲ್ಲಿ ಮೇ ತಿಂಗಳ ಕೊನೆಯ ವಾರವೆಂದರೆ ಮೈಲುತುತ್ತ ಎಂಬ ತಾಮ್ರದ ಲವಣ ಕೊಳ್ಳುವ ಕಾಲ. ಮಳೆ ಹಿಡಿಯುವುದರೊಳಗೆ ಅಡಿಕೆ ಕೊನೆಗಳಿಗೆ, ಅಂದರೆ ಕಾಯಿ ಗೊಂಚಲುಗಳಿಗೆ, ಮೈಲುತುತ್ತ ಮತ್ತು ಸುಣ್ಣ ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಒಂದು ಸುತ್ತು ಸಿಂಪಡಿಸಬೇಕು. ನಲವತ್ತು, ನಲವತ್ತೈದು ದಿನ ಕಳೆದ ಮೇಲೆ ಇನ್ನೊಂದು ಸುತ್ತು. ತಪ್ಪಿದರೆ ಕೊಳೆ ರೋಗ ತೋಟಕ್ಕೆ ಇಳಿಯುತ್ತದೆ, ಎಳೆಯ ಕಾಯಿಗಳು ನೀರು ಬಿಟ್ಟಂತಾಗಿ ಉದುರತೊಡಗುತ್ತವೆ. ನಮ್ಮ ಭಾವ ಆ ವಾರ ತನ್ನ ತೋಟದಲ್ಲಿ ದ್ರಾವಣ ತಯಾರಿಸುವುದನ್ನು ಆರು ನಿಮಿಷದ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದ್ದ. ಕ್ಯಾಮೆರಾ ಹಿಡಿದವಳು ನನ್ನ ತಂಗಿಯ ಮಗಳು. ಮಾತು ಬರೆದುಕೊಡುವುದು, ಕೊನೆಗೆ ಕತ್ತರಿಸಿ ಜೋಡಿಸುವುದು ನನ್ನ ಕೆಲಸ.

ಜೂನ್ ಮೂರನೆಯ ವಾರದ ಹೊತ್ತಿಗೆ ಅದರ ಕೆಳಗೆ ಇನ್ನೂರ ಹನ್ನೆರಡು ಕಮೆಂಟ್ ಸೇರಿದ್ದವು. ಭಾವ ರಾತ್ರಿ ಊಟವಾದ ಮೇಲೆ ಒಂದೊಂದಕ್ಕೇ ಉತ್ತರ ಬರೆಯುತ್ತ ಕೂರುತ್ತಿದ್ದ. ಯಲ್ಲಾಪುರದವರಿಗೆ ಬರೆದದ್ದನ್ನೇ ಮರುದಿನ ಸಿದ್ದಾಪುರದವರಿಗೆ ಬರೆಯಬೇಕು, ಅದರ ಮರುದಿನ ಹೊನ್ನಾವರದವರಿಗೆ. ಎಲ್ಲ ಪ್ರಶ್ನೆಗಳಿಗೂ ಸೇರಿಸಿ ಒಂದು ಪ್ರಶ್ನೋತ್ತರ ವಿಡಿಯೊ ಮಾಡಿಬಿಡೋಣ ಎಂದು ತೀರ್ಮಾನಿಸಿದೆವು. ಎರಡನೆಯ ಸಿಂಪಡಣೆ ಜುಲೈ ನಡುವಿಗೆ ಬರುವುದರಿಂದ ಜುಲೈ ಮೊದಲ ವಾರದೊಳಗೆ ಅದು ಜನರ ಕೈಸೇರಬೇಕಿತ್ತು. ಹದಿನೈದು ದಿನ ಸಾಕೆಂದುಕೊಂಡಿದ್ದೆ. ಅದರಲ್ಲಿ ಆರು ದಿನ ಒಂದು ತಪ್ಪು ವಿಂಗಡಣೆಗೆ ಹೋಯಿತು. ಈ ಬರಹ ಮುಖ್ಯವಾಗಿ ಆ ತಪ್ಪಿನದು, ಅದು ಸರಿಯಾದ ಬಗೆಯದು.

ಒಟ್ಟುಗೂಡಿಸಿದ್ದು

ಮೊಬೈಲಿನಲ್ಲಿ ಓದುತ್ತ ಓದುತ್ತ ಆರಿಸಿಕೊಳ್ಳುವ ಯತ್ನ ಒಂದೇ ಸಂಜೆಗೆ ಮುಗಿಯಿತು. ಯೂಟ್ಯೂಬ್ ಮೊದಲಿಗೆ ತೋರಿಸುವುದು ಹೆಚ್ಚು ಮೆಚ್ಚುಗೆ ಪಡೆದ ಕಮೆಂಟುಗಳನ್ನು. ಹಾಗೆ ಓದಿದರೆ ಮೊದಲ ವಾರದ ಹದಿನೈದಿಪ್ಪತ್ತೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಹೊಸತು ಮೊದಲು ಬರುವಂತೆ ಜೋಡಿಸಿಕೊಂಡು, ಪ್ರತಿ ಕಮೆಂಟಿನ ಕೆಳಗೆ ಮಡಚಿಕೊಂಡಿರುವ ಮರುತ್ತರಗಳನ್ನೂ ಬಿಚ್ಚಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕಕ್ಕೆ ಇಳಿಸಿದೆ. ಯೂಟ್ಯೂಬ್ ಸ್ಟುಡಿಯೊದ ಒಳಗೆ ಪರಿಶೀಲನೆಗೆಂದು ತಡೆಹಿಡಿದ ಕಮೆಂಟುಗಳ ಬೇರೊಂದು ಪಟ್ಟಿ ಇರುತ್ತದೆ. ಅದನ್ನು ನೋಡಬೇಕೆಂದು ಹೇಳಿದವಳು ತಂಗಿಯ ಮಗಳು. ಅಲ್ಲಿ ನಾಲ್ಕು ಸಿಕ್ಕವು. ಮೂರು ಜಾಹೀರಾತು. ನಾಲ್ಕನೆಯದು ಅಂಕೋಲಾ ಕಡೆಯ ರೈತರೊಬ್ಬರದು. ದ್ರಾವಣ ಹಸಿರು ಬಣ್ಣಕ್ಕೆ ತಿರುಗಿದ್ದು, ಸಿಂಪಡಿಸಿದ ನಾಲ್ಕು ದಿನಕ್ಕೆ ಎಳೆಗಾಯಿಗಳು ಸುಟ್ಟಂತಾದದ್ದು, ತಾವು ಯಾವ ಸುಣ್ಣ ಬಳಸಿದ್ದು, ಎಲ್ಲವನ್ನೂ ಇಪ್ಪತ್ತು ಸಾಲಿನಲ್ಲಿ ಬರೆದು ಕೊನೆಗೆ ಫೋನ್ ಸಂಖ್ಯೆ ಕೊಟ್ಟಿದ್ದರು. ಬಹುಶಃ ಆ ಸಂಖ್ಯೆಯ ದೆಸೆಯಿಂದಲೇ ಅದು ತಡೆಗೆ ಸಿಕ್ಕಿತ್ತು. ಇಡೀ ಸರಣಿಯಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದ ಕಮೆಂಟ್ ಅದು.

ಇನ್ನೂರ ಹನ್ನೆರಡರಲ್ಲಿ ಎಪ್ಪತ್ತೊಂದು ನಮಸ್ಕಾರ, ಮೆಚ್ಚುಗೆ, ಚಿತ್ರ, ಜಾಹೀರಾತು. ಇಪ್ಪತ್ತಮೂರು ಒಬ್ಬ ನೋಡುಗ ಇನ್ನೊಬ್ಬ ನೋಡುಗನಿಗೆ ಕೊಟ್ಟ ಉತ್ತರ. ಇವನ್ನು ಕಸವೆಂದು ಎಸೆಯಲಿಲ್ಲ, ಬೇರೆ ಹಾಳೆಗೆ ಹಾಕಿದೆ. ಮಿಕ್ಕ ನೂರ ಹದಿನೆಂಟರಲ್ಲಿ ಪ್ರಶ್ನೆ ಇತ್ತು. ಒಂದೇ ಕಮೆಂಟಿನಲ್ಲಿ ಎರಡು ಮೂರು ಪ್ರಶ್ನೆ ಕೇಳುವವರು ಬಹಳ ಜನ. ಅವನ್ನೆಲ್ಲ ಬಿಡಿಸಿ ಪ್ರಶ್ನೆಗೊಂದು ಸಾಲಿನಂತೆ ಬರೆದಾಗ ನೂರ ಐವತ್ತೊಂದಾಯಿತು. ಕಮೆಂಟ್ ಅವರು ಬರೆದಂತೆಯೇ ಒಂದು ಅಂಕಣದಲ್ಲಿ ಉಳಿಯಬೇಕು, ನಾನು ಬಿಡಿಸಿ ಬರೆದ ಪ್ರಶ್ನೆ ಪಕ್ಕದಲ್ಲಿರಬೇಕು. ಮೂಲವನ್ನು ಅಳಿಸಿದರೆ ಆಮೇಲೆ ಅವರ ಮಾತು ಎಲ್ಲಿ ಮುಗಿಯಿತು, ನನ್ನ ಊಹೆ ಎಲ್ಲಿ ಶುರುವಾಯಿತು ಎಂಬುದು ನನಗೇ ತಿಳಿಯುವುದಿಲ್ಲ.

ಪದ ಹಿಡಿದು ವಿಂಗಡಿಸಿದ್ದು

ಮೊದಲ ವಿಂಗಡಣೆಯನ್ನು ಎಲ್ಲರಿಗೂ ತೋಚುವ ದಾರಿಯಲ್ಲೇ ಮಾಡಿದೆ. ಪ್ರಶ್ನೆಯಲ್ಲಿ ಸುಣ್ಣ ಎಂದಿದ್ದರೆ ಸುಣ್ಣದ ಗುಂಪು, ಮಳೆ ಎಂದಿದ್ದರೆ ಮಳೆಯ ಗುಂಪು, ಪಂಪು ಎಂದಿದ್ದರೆ ಪಂಪಿನದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರ ಕಮೆಂಟುಗಳು ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಒಬ್ಬರು `sunna` ಎಂದರೆ ಇನ್ನೊಬ್ಬರು `chunna` ಎಂದು ಬರೆದಿರುತ್ತಾರೆ. ಕರಾವಳಿಯ ಕೆಲವರು ಕೊಂಕಣಿಯಲ್ಲೇ ಕೇಳಿದ್ದರು. ಹೀಗಾಗಿ ಅವನ್ನು ಕೈಯಿಂದಲೇ ಸೇರಿಸಿದೆ. ಕೊನೆಗೆ ಸುಣ್ಣದ ಗುಂಪಿನಲ್ಲೇ ಐವತ್ತನಾಲ್ಕು ಪ್ರಶ್ನೆ ನಿಂತವು. ಇಷ್ಟು ದೊಡ್ಡ ಗುಂಪು ಸಿಕ್ಕಿದ್ದಕ್ಕೆ ಖುಷಿಯಾಗಿ ಅದಕ್ಕೆ ಉತ್ತರ ಬರೆಯಲು ಕುಳಿತೆ.

ಉತ್ತರ ಬರೆಯಲಾಗಲಿಲ್ಲ. ಒಂದು ಪ್ಯಾರಾ ಬರೆದು "ಆದರೆ ನೀವು ಹಳೆಯ ಪುಡಿ ಬಳಸುತ್ತಿದ್ದರೆ" ಎಂದು ಹೊರಳಬೇಕು. ಇನ್ನೊಂದು ಪ್ಯಾರಾ ಬರೆದು "ಇನ್ನು ನಳಿಕೆ ಕಟ್ಟಿಕೊಳ್ಳುವ ವಿಷಯಕ್ಕೆ ಬಂದರೆ" ಎಂದು ಇನ್ನೊಂದು ಕಡೆ ಹೊರಳಬೇಕು. ನಾಲ್ಕು ಪುಟವಾದರೂ ಉತ್ತರ ಒಂದು ದಿಕ್ಕಿಗೆ ಹರಿಯಲಿಲ್ಲ. ಕಾರಣ ಈಗ ನೋಡಿದರೆ ಸ್ಪಷ್ಟವಾಗಿದೆ. ಆ ಐವತ್ತನಾಲ್ಕು ಪ್ರಶ್ನೆಗಳಲ್ಲಿ ಪದ ಮಾತ್ರ ಒಂದು. ಕೇಳಿದ ಸಂಗತಿ ನಾಲ್ಕು: ಯಾವ ಸುಣ್ಣ ಎಂಬುದು, ಎಷ್ಟು ಎಂಬುದು, ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕೋ ತುತ್ತದ ನೀರಿಗೆ ಸುಣ್ಣ ಸುರಿಯಬೇಕೋ ಎಂಬುದು, ಹರಳು ಉಳಿದು ನಳಿಕೆ ಕಟ್ಟಿಕೊಳ್ಳುವುದಕ್ಕೆ ಏನು ಮಾಡಬೇಕು ಎಂಬುದು. ಇನ್ನೊಂದೆಡೆ, ಸುಣ್ಣ ಎಂಬ ಪದವೇ ಇಲ್ಲದ ಹತ್ತಾರು ಪ್ರಶ್ನೆಗಳಿಗೆ ಉತ್ತರ ಸುಣ್ಣದಲ್ಲೇ ಇತ್ತು.

ಇದು ಹೊಳೆದದ್ದು ನನಗಲ್ಲ. ಭಾವನ ತೋಟಕ್ಕೆ ಮರ ಏರಿ ಔಷಧ ಹೊಡೆಯಲು ವರ್ಷಗಳಿಂದ ಬರುವ ಕೊನೆಗೌಡರು ಒಂದು ಮಧ್ಯಾಹ್ನ ಜಗುಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದರು. ಅವರಿಗೆ ಕಮೆಂಟುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಬಣ್ಣ ಹಸಿರಾಯಿತು, ಏನು ಮಾಡುವುದು? ಎಳೆಗಾಯಿ ಸುಟ್ಟಿದೆ, ಮೈಲುತುತ್ತ ಕಲಬೆರಕೆಯೇ? ಒಂದು ಕಿಲೋ ಹಾಕಿದರೂ ನೀಲಿ ಬರಲಿಲ್ಲ, ಯಾಕೆ? ನಮ್ಮ ದ್ರಾವಣ ಬಹಳ ತಿಳಿಯಾಗಿ ಕಾಣುತ್ತದೆ, ಸಾಕೇ? ಹತ್ತು ಹನ್ನೆರಡು ಕೇಳಿದ ಮೇಲೆ ಅವರು ಕೈ ಎತ್ತಿ ತಡೆದರು. "ಇವರೆಲ್ಲ ಕೇಳುತ್ತಿರುವುದು ಒಂದೇ ಅಲ್ಲವೇ ಒಡೆಯಾ? ಔಷಧ ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ ಅಂತ. ಕತ್ತಿ ಅದ್ದಿ ನೋಡಿ ಅಂತ ಹೇಳಿ."

ನಾನು ಬಣ್ಣ, ಸುಡುವಿಕೆ, ಕಲಬೆರಕೆ, ತಿಳಿ ಎಂದು ನಾಲ್ಕು ಗುಂಪು ಮಾಡಿಟ್ಟಿದ್ದೆ. ಅವರು ಉತ್ತರದ ಕಡೆಯಿಂದ ನೋಡಿದ್ದರಿಂದ ಅದೆಲ್ಲ ಒಂದೇ ಗುಂಪಾಯಿತು.

ಉತ್ತರ ಹಿಡಿದು ವಿಂಗಡಿಸಿದ್ದು

ಆ ಸಂಜೆಯೇ ಕೋಷ್ಟಕಕ್ಕೆ ಒಂದು ಅಂಕಣ ಸೇರಿಸಿದೆ: ಉತ್ತರ, ಒಂದೇ ಸಾಲಿನಲ್ಲಿ. ನೂರ ಐವತ್ತೊಂದು ಪ್ರಶ್ನೆಗಳಿಗೂ ಭಾವ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಎರಡು ರಾತ್ರಿ ಹಿಡಿಯಿತು. ಒಂದು ಸಾಲಿನಲ್ಲಿ ಉತ್ತರ ಬರುವುದಿಲ್ಲವೆಂದರೆ ಆ ಪ್ರಶ್ನೆಯನ್ನು ಇನ್ನೂ ಬಿಡಿಸಬೇಕೆಂದು ಅರ್ಥ. ಎಲ್ಲ ತುಂಬಿದ ಮೇಲೆ ಉತ್ತರದ ಅಂಕಣವನ್ನು ನೋಡಿಕೊಂಡು ಸಾಲುಗಳನ್ನು ಒಟ್ಟಿಗೆ ತಂದೆ. ಗುಂಪುಗಳಿಗೆ ಹೆಸರಿಟ್ಟದ್ದು ಆ ಮೇಲೆಯೇ.

ಮೊದಲಿಗೆ ಮೂವತ್ತನಾಲ್ಕು ಪ್ರಶ್ನೆಗಳು ಹೊರಗೆ ಹೋದವು. ಮೈಲುತುತ್ತದ ದರ, ಸಹಾಯಧನ, ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ, ಡ್ರೋನಿನಲ್ಲಿ ಸಿಂಪಡಣೆ. ಇವೆಲ್ಲ ನಿಜವಾದ ಪ್ರಶ್ನೆಗಳೇ. ಆದರೆ ಎಲೆಚುಕ್ಕಿಗೆ ಎರಡು ವಾಕ್ಯದಲ್ಲಿ ಉತ್ತರ ಹೇಳಿ ಮುಂದೆ ಹೋಗುವುದು ತೋಟ ಕಳೆದುಕೊಳ್ಳುತ್ತಿರುವವರಿಗೆ ಮಾಡುವ ಅನ್ಯಾಯ. ಅದಕ್ಕೆ ತೋಟಗಾರಿಕೆ ಇಲಾಖೆಯವರನ್ನು ಕೂರಿಸಿಕೊಂಡು ಬೇರೆ ವಿಡಿಯೊ ಮಾಡುವುದೆಂದು ಬರೆದಿಟ್ಟೆವು. ಕೊಳೆ ರೋಗದ ಚರಿತ್ರೆ ಕೇಳಿದವರೂ ಇದ್ದರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗವನ್ನು ಅಭ್ಯಾಸ ಮಾಡಿ ಬರೆದದ್ದು, ಫ್ರಾನ್ಸಿನ ದ್ರಾಕ್ಷಿ ತೋಟದ ದ್ರಾವಣ ನಮ್ಮ ಅಡಿಕೆ ಮರ ಏರಿದ್ದು, ಇದೆಲ್ಲ ಭಾವನಿಗೆ ಬಲು ಇಷ್ಟದ ವಿಷಯ. ಜುಲೈ ಮಳೆಯಲ್ಲಿ ಡ್ರಮ್ಮಿನ ಮುಂದೆ ನಿಂತವನಿಗೆ ಅದು ಬೇಡವೆಂದು ನಾನು ಹಟ ಹಿಡಿದು ತೆಗೆಸಿದೆ.

ಉಳಿದ ನೂರ ಹದಿನೇಳು ಹೀಗೆ ಕೂಡಿಕೊಂಡವು. ಯಾವ ಸುಣ್ಣ, ಎಷ್ಟು ಸುಣ್ಣ ಎಂಬುದು ಮೂವತ್ತೆಂಟು. ದ್ರಾವಣ ಸರಿಯಾಯಿತೆಂದು ತಿಳಿಯುವುದು ಹೇಗೆ ಎಂಬುದು ಇಪ್ಪತ್ತೊಂಬತ್ತು. ಪಾತ್ರೆ, ಸುರಿಯುವ ಕ್ರಮ, ಸೋಸುವುದು ಇಪ್ಪತ್ತೊಂದು. ಮಳೆ ಮತ್ತು ಎರಡನೆಯ ಸುತ್ತು ಹದಿನೇಳು. ಕಾಳುಮೆಣಸಿಗೂ ಇದೇ ಆಗುತ್ತದೆಯೇ ಎಂದು ಕೇಳಿದವರು ಎಂಟು, ಉಳಿದ ದ್ರಾವಣವನ್ನು ಇಡಬಹುದೇ ಎಂದವರು ನಾಲ್ಕು. ಕೊನೆಯ ಎರಡನ್ನು ಒಂದೇ ಭಾಗದಲ್ಲಿ ಮುಗಿಸುವುದೆಂದಾಯಿತು.

ನಳಿಕೆ ಕಟ್ಟಿಕೊಳ್ಳುವ ದೂರನ್ನು ನಾನು ಈ ಸಲವೂ ಸುಣ್ಣದ ಗುಂಪಿನಲ್ಲೇ ಬಿಟ್ಟಿದ್ದೆ, ಹರಳು ಸುಣ್ಣದ್ದೇ ಆದ್ದರಿಂದ. ಗಟ್ಟಿಯಾಗಿ ಓದಿದಾಗ ತಪ್ಪು ಕಿವಿಗೆ ಬಿತ್ತು. ಸುಣ್ಣದ ಉತ್ತರ ಮುಗಿದ ಮೇಲೆ ಭಾವ "ಅದಿರಲಿ, ಇನ್ನು ನಳಿಕೆಯ ವಿಷಯ" ಎನ್ನಬೇಕಾಯಿತು. ಬಾಯಲ್ಲಿ "ಅದಿರಲಿ" ಬಂತೆಂದರೆ ಅಲ್ಲಿ ಎರಡು ಗುಂಪಿದೆ. ಕಟ್ಟಿಕೊಳ್ಳುವುದಕ್ಕೆ ಪರಿಹಾರ ಸುಣ್ಣದ ಹಾಲನ್ನು ತೆಳುಬಟ್ಟೆಯಲ್ಲಿ ಸೋಸುವುದು. ಆದ್ದರಿಂದ ಅದರ ಜಾಗ ಪಾತ್ರೆ, ಸುರಿಯುವ ಕ್ರಮಗಳ ಜೊತೆಯಲ್ಲಿ.

ಸುಣ್ಣದ ಗುಂಪು ತೋರಿಸಿದ ನಮ್ಮ ತಪ್ಪು

ಮೂವತ್ತೆಂಟು ಜನ ಒಂದೇ ಸಂಗತಿ ಕೇಳುತ್ತಾರೆಂದರೆ ಕಾರಣ ವಿಡಿಯೊದಲ್ಲೇ ಇರಬೇಕೆಂದು ಅನ್ನಿಸಿತು. ಕೆಲವರು ಕಮೆಂಟಿನಲ್ಲಿ ಸಮಯವನ್ನೂ ಹಾಕಿದ್ದರು: `2:40`. ಅಲ್ಲಿಗೆ ಹೋಗಿ ನೋಡಿದೆ. ಭಾವ "ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು" ಎನ್ನುತ್ತಾನೆ. ತೆರೆಯ ಮೇಲೆ ಅವನ ಅಂಗೈ, ಅದರಲ್ಲಿ ಬಿಳಿಯದೇನೋ. ಅದು ಗಟ್ಟಿಯೋ ಪುಡಿಯೋ ತಿಳಿಯುವುದಿಲ್ಲ. ಯಾವ ಸುಣ್ಣವೆಂದು ಇಡೀ ವಿಡಿಯೊದಲ್ಲಿ ಎಲ್ಲೂ ಹೇಳಿಲ್ಲ. ಆ ವಾಕ್ಯ ಬರೆದುಕೊಟ್ಟವನು ನಾನು. ಭಾವನ ಮನೆಯಲ್ಲಿ ಸುಣ್ಣವೆಂದರೆ ಗಟ್ಟಿಯಾದ ಸುಡುಸುಣ್ಣವೇ, ಸಿಂಪಡಣೆಯ ಹಿಂದಿನ ದಿನ ನೀರು ಹಾಕಿ ಅರಳಿಸುವುದು. ಬೇರೆಯವರ ಮನೆಯಲ್ಲಿ ಅದು ಅಂಗಡಿಯ ಚೀಲದ ಪುಡಿಯಾಗಿರಬಹುದೆಂದು ನನಗೆ ತೋಚಲೇ ಇಲ್ಲ. ಕುಮಟಾ, ಹೊನ್ನಾವರದ ಕಡೆಯವರಲ್ಲಿ ಹಲವರು ಚಿಪ್ಪಿನ ಸುಣ್ಣ ಬಳಸುತ್ತಿದ್ದುದೂ ಕಮೆಂಟುಗಳಿಂದಲೇ ತಿಳಿದದ್ದು.

ವ್ಯತ್ಯಾಸ ಸಣ್ಣದಲ್ಲ. ಒಂದು ಕಿಲೋ ಶುದ್ಧ ಸುಡುಸುಣ್ಣ ನೀರು ಕುಡಿದು ಅರಳಿದಾಗ ತೂಕದಲ್ಲಿ ಸುಮಾರು ಒಂದು ಕಿಲೋ ಮುನ್ನೂರು ಗ್ರಾಂ ದಾಟುತ್ತದೆ. ಅಂದರೆ ಅರಳಿದ ಪುಡಿಯನ್ನು ಒಂದೇ ಕಿಲೋ ಹಾಕಿದವರ ದ್ರಾವಣದಲ್ಲಿ ಸುಣ್ಣದ ಸತ್ವ ನಾಲ್ಕನೇ ಒಂದು ಭಾಗದಷ್ಟು ಕಡಿಮೆ. ಪುಡಿ ಹೊಸದಾಗಿದ್ದರೆ ಇಷ್ಟರಿಂದ ಕೇಡಾಗುವುದಿಲ್ಲ. ಅದು ತಿಂಗಳುಗಟ್ಟಲೆ ಗೋಣಿಯಲ್ಲಿ ಬಾಯಿಬಿಟ್ಟುಕೊಂಡು ಬಿದ್ದಿದ್ದರೆ ಕೆಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಹೀರಿ ಮರಳಿ ಸುಣ್ಣದ ಕಲ್ಲಿನ ಗುಣಕ್ಕೇ ಬಂದಿರುತ್ತದೆ. ನೋಡಲು ಬೆಳ್ಳಗಿದ್ದರೂ ತುತ್ತದ ಹುಳಿಯನ್ನು ಮುರಿಯುವ ಶಕ್ತಿ ಅದರಲ್ಲಿ ಉಳಿದಿರುವುದಿಲ್ಲ. ಹಾಗೆ ಉಳಿದ ತಾಮ್ರವೇ ಎಳೆಗಾಯಿಯನ್ನು ಸುಡುತ್ತದೆ. ಅಂಕೋಲಾದವರ ಇಪ್ಪತ್ತು ಸಾಲಿನ ಕಮೆಂಟಿನಲ್ಲಿ "ಸುಣ್ಣ ಕಳೆದ ವರ್ಷದ್ದೇ ಮಿಕ್ಕಿತ್ತು" ಎಂಬ ಮಾತಿತ್ತು. ಎರಡು ಗುಂಪುಗಳು ಒಂದಕ್ಕೊಂದು ಹೆಣೆದುಕೊಂಡದ್ದು ಅಲ್ಲಿ.

ಹಾಕಿದ ವಿಡಿಯೊವನ್ನು ಅದೇ ಕೊಂಡಿಯಲ್ಲಿ ಹೊಸದರಿಂದ ಬದಲಿಸಲು ಬರುವುದಿಲ್ಲ. ಅದಕ್ಕಾಗಿ ಹಳೆಯ ವಿಡಿಯೊದ ವಿವರಣೆಯ ಮೊದಲ ಸಾಲಿಗೂ, ಮೇಲೆ ಅಂಟಿಸಿಡುವ ಕಮೆಂಟಿಗೂ ಸುಣ್ಣದ ತಿದ್ದುಪಡಿಯನ್ನು ಆ ರಾತ್ರಿಯೇ ಬರೆದೆವು. ಪ್ರಶ್ನೋತ್ತರ ವಿಡಿಯೊ ಬರುವವರೆಗೂ ಕಾಯುವ ವಿಷಯ ಅದಾಗಿರಲಿಲ್ಲ.

ನೋಡುಗರು ಕೊಟ್ಟ ಉತ್ತರಗಳು

ಬೇರೆ ಹಾಳೆಗೆ ಹಾಕಿದ್ದ ಇಪ್ಪತ್ತಮೂರು ಮರುತ್ತರಗಳನ್ನು ಆಮೇಲೆ ಓದಿದೆವು. ಹೆಚ್ಚಿನವು ಒಳ್ಳೆಯ ಸಲಹೆಗಳೇ. ಒಂದು ಮಾತ್ರ ತಪ್ಪು, ಅದಕ್ಕೇ ಹದಿನಾರು ಜನರ ಮೆಚ್ಚುಗೆ: "ಕಬ್ಬಿಣದ ಡ್ರಮ್ಮಿನಲ್ಲೇ ನಾವು ಮಾಡುವುದು, ಏನೂ ಆಗುವುದಿಲ್ಲ." ಡ್ರಮ್ಮಿನ ಬಗ್ಗೆ ನೇರವಾಗಿ ಪ್ರಶ್ನೆ ಕೇಳಿದವರು ಮೂವರೇ. ಎಣಿಕೆ ನೋಡಿದರೆ ಅದು ಪ್ರಶ್ನೋತ್ತರಕ್ಕೆ ಬರುವಂಥದ್ದಲ್ಲ. ಆದರೆ ಉತ್ತರ ಸಿಕ್ಕಿತೆಂದು ಉಳಿದವರು ಕೇಳುವುದನ್ನೇ ಬಿಟ್ಟಿದ್ದಾರೆ ಎಂಬುದು ಆ ಹದಿನಾರರಿಂದ ಗೊತ್ತಾಗುತ್ತದೆ. ಕೇಳಿದವರನ್ನು ಮಾತ್ರ ಎಣಿಸಿದ್ದರೆ ಇದು ಜಾರಿಹೋಗುತ್ತಿತ್ತು.

ಆ ಮರುತ್ತರ ಬರೆದವರ ಹೆಸರನ್ನಾಗಲಿ ಅವರ ಕಮೆಂಟಿನ ಚಿತ್ರವನ್ನಾಗಲಿ ತೋರಿಸಬಾರದೆಂದು ನಾವು ಮೂವರೂ ಒಪ್ಪಿಕೊಂಡೆವು. ಅವರು ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಸ್ಕ್ರಿಪ್ಟಿನಲ್ಲಿ ಅದು "ಕಬ್ಬಿಣದ ಡ್ರಮ್ ಆಗುತ್ತದೆಯೇ?" ಎಂಬ ಸಾದಾ ಪ್ರಶ್ನೆಯಾಯಿತು. ಬೇರೆ ಪ್ರಶ್ನೆಗಳಿಗೂ ಹೆಸರಿಲ್ಲ, "ಯಲ್ಲಾಪುರ ಕಡೆಯವರೊಬ್ಬರು" ಎಂದಷ್ಟೇ, ಅದೂ ಊರನ್ನು ಅವರೇ ಬರೆದಿದ್ದರೆ.

ಕ್ರಮ

ಮೊದಲ ಸ್ಕ್ರಿಪ್ಟನ್ನು ಕೆಲಸದ ಕ್ರಮದಲ್ಲೇ ಬರೆದಿದ್ದೆ. ಸುಣ್ಣ, ಆಮೇಲೆ ಪಾತ್ರೆ, ಸುರಿಯುವುದು, ಸೋಸುವುದು, ಪರೀಕ್ಷೆ. ಓದಿ ನೋಡಿದ ತಂಗಿಯ ಮಗಳು "ಇದು ಮೊದಲಿನ ವಿಡಿಯೊವೇ ಅಲ್ಲವೇ, ನಡುನಡುವೆ ಪ್ರಶ್ನೆ ಇಟ್ಟ ಹಾಗಿದೆ" ಎಂದಳು. ಸರಿಯಾಗಿಯೇ ಹೇಳಿದಳು. ದೊಡ್ಡ ಗುಂಪು ಮೊದಲು, ಚಿಕ್ಕದು ಕೊನೆಗೆ ಎಂಬ ಲೆಕ್ಕವೂ ಒಂದಿದೆ, ಆದರೆ ಅದರಲ್ಲಿ ಒಂದು ಉತ್ತರದಿಂದ ಇನ್ನೊಂದಕ್ಕೆ ದಾರಿ ಇರುವುದಿಲ್ಲ.

ದಾರಿ ತೋರಿಸಿದ್ದು ಕೊನೆಗೌಡರ ಕತ್ತಿ. ಹೊಳೆಯುವ ಕಬ್ಬಿಣದ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ದ್ರಾವಣದಲ್ಲಿ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು. ಅಲಗು ಹೋದ ಹಾಗೆಯೇ ಹೊಳೆಯುತ್ತ ಬಂದರೆ ಸಿಂಪಡಿಸಬಹುದು. ಕಬ್ಬಿಣದ ಡ್ರಮ್ ಯಾಕೆ ಬೇಡ ಎಂಬುದಕ್ಕೂ ಉತ್ತರ ಅದೇ ಅಲಗಿನ ಮೇಲಿದೆ. ಕತ್ತಿಗೆ ಹತ್ತಿದ ತಾಮ್ರ ಡ್ರಮ್ಮಿನ ಗೋಡೆಗೂ ಹತ್ತುತ್ತದೆ, ಕಬ್ಬಿಣ ಕರಗುತ್ತದೆ, ಅಡಿಕೆ ಕೊನೆಗೆ ಹೋಗಬೇಕಾದ ತಾಮ್ರ ಡ್ರಮ್ಮಿನಲ್ಲೇ ಉಳಿಯುತ್ತದೆ. ಆದ್ದರಿಂದ ಸುಣ್ಣ ಆದ ಮೇಲೆ ಪರೀಕ್ಷೆ, ಪಾತ್ರೆ ಅದರ ಬೆನ್ನಿಗೆ ಎಂದು ತಿರುಗಿಸಿದೆ. ಪಾತ್ರೆಯ ಉತ್ತರಕ್ಕೆ ನಾಲ್ಕು ಪ್ಯಾರಾ ಇದ್ದದ್ದು "ಈಗ ಕತ್ತಿಯಲ್ಲಿ ನೋಡಿದಿರಲ್ಲ, ಡ್ರಮ್ಮಿಗೂ ಅದೇ ಆಗುತ್ತದೆ" ಎಂಬ ಒಂದು ಮಾತಿಗೆ ಇಳಿಯಿತು.

ಪರೀಕ್ಷೆಯ ಭಾಗವನ್ನು ಎರಡು ಅಂಕಣದಲ್ಲಿ ಬರೆದಿದ್ದೆ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಅದರ ಒಂದು ತುಣುಕನ್ನು ಇಲ್ಲಿ ಒಂದರ ಕೆಳಗೊಂದಾಗಿ ಕೊಡುತ್ತೇನೆ.

ಕಾಣುವುದು: ಪ್ರಶ್ನೆ ತೆರೆಯ ಮೇಲೆ, ಬರೆದವರ ಮಾತಿನಲ್ಲೇ. "ಒಂದು ಕಿಲೋ ಸುಣ್ಣ ಹಾಕಿದೆವು, ಬಣ್ಣ ಹಸಿರಾಗಿದೆ, ಸಿಂಪಡಿಸಬಹುದೇ?"
ಕೇಳುವುದು: "ಸಿಂಪಡಿಸಬೇಡಿ. ಇದೇ ಅರ್ಥದ ಇಪ್ಪತ್ತೊಂಬತ್ತು ಪ್ರಶ್ನೆಗಳು ಬಂದಿವೆ. ಸರಿಯಾದ ದ್ರಾವಣ ಆಕಾಶ ನೀಲಿಯಾಗಿರುತ್ತದೆ. ಆದರೆ ಮೋಡದ ಬೆಳಕಿನಲ್ಲಿ ಕಣ್ಣನ್ನು ನಂಬುವುದು ಬೇಡ."
ಕಾಣುವುದು: ಕತ್ತಿಯ ಅಲಗನ್ನು ಮರಳು ಕಾಗದದಲ್ಲಿ ಉಜ್ಜುವುದು. ಹತ್ತಿರದಿಂದ, ಹತ್ತು ಸೆಕೆಂಡ್, ಮಾತಿಲ್ಲ.
ಕೇಳುವುದು: "ತುಕ್ಕು ಪೂರ್ತಿ ಹೋಗಬೇಕು."
ಕಾಣುವುದು: ಅದ್ದುವುದು. ಪಕ್ಕದಲ್ಲಿ ಗಡಿಯಾರ. ತೆಗೆಯುವುದು. ಅಲಗಿನ ಅರ್ಧ ಕೆಂಪು.
ಕೇಳುವುದು: "ಈ ಕೆಂಪು ತಾಮ್ರ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಕಲಕಿ, ಅಲಗನ್ನು ಮತ್ತೆ ಉಜ್ಜಿ ಅದ್ದಿ."

ತುಕ್ಕಿನ ಆ ಒಂದು ಸಾಲು ಕಮೆಂಟಿನಿಂದಲೇ ಬಂದದ್ದು. ಒಬ್ಬರು "ಎಷ್ಟು ಸುಣ್ಣ ಹಾಕಿದರೂ ಕತ್ತಿ ಕೆಂಪಾಗಿಯೇ ಬರುತ್ತದೆ" ಎಂದು ಬರೆದಿದ್ದರು. ಭಾವ ಮೊದಲಿಗೆ ಸುಣ್ಣ ಸತ್ತಿರಬೇಕೆಂದ. ಕೊನೆಗೌಡರು ನಕ್ಕು, ಆ ಕತ್ತಿ ಅದ್ದುವ ಮೊದಲೇ ಕೆಂಪಾಗಿತ್ತೋ ಏನೋ ಕೇಳಿ ಎಂದರು. ಕೇಳಿದೆವು. ಹಾಗೆಯೇ ಆಗಿತ್ತು. ಉತ್ತರ ಬರೆಯುವ ಮೊದಲು ಪ್ರಶ್ನೆ ಕೇಳಿದವರಿಗೇ ಮರುಪ್ರಶ್ನೆ ಹಾಕಿದ್ದು ಒಟ್ಟು ಆರು ಸಲ. ನಾಲ್ವರು ಉತ್ತರಿಸಿದರು.

ಪ್ರತಿ ಗುಂಪಿನ ಪ್ರಶ್ನೆಯನ್ನೂ ನಾನೇ ನಯವಾಗಿ ಹೊಸದಾಗಿ ಬರೆಯದೆ, ಬಂದದ್ದರಲ್ಲಿ ಒಂದನ್ನು ಆರಿಸಿದೆ. ಚೆನ್ನಾಗಿ ಬರೆದದ್ದನ್ನು ನೋಡಿ ಆರಿಸಲಿಲ್ಲ, ಸ್ಥಿತಿ ಹೇಳಿದ್ದನ್ನು ನೋಡಿ ಆರಿಸಿದೆ. ಸುಣ್ಣಕ್ಕೆ ಆರಿಸಿದ್ದು ಇದು: "ನಾವು ಸುಣ್ಣ ಅರಳಿಸಿ ಎರಡು ತಿಂಗಳಾಯಿತು, ಗೋಣಿಯಲ್ಲಿದೆ, ಅದನ್ನೇ ಹಾಕಬಹುದೇ?" ಯಾವ ಸುಣ್ಣ, ಎಷ್ಟು ಹಳೆಯದು, ಎಲ್ಲಿಟ್ಟದ್ದು, ಮೂರೂ ಅದರಲ್ಲಿವೆ. ಉಳಿದ ಮೂವತ್ತೇಳು ಜನರೂ ತಮ್ಮ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿಕೊಳ್ಳಬಹುದು.

ಮಳೆಯ ಗುಂಪಿನವರು ಹೆಚ್ಚಾಗಿ ಕೇಳಿದ್ದು ಸಿಂಪಡಿಸಿ ಎಷ್ಟು ಗಂಟೆಯ ಮೇಲೆ ಮಳೆ ಬಂದರೆ ತೊಂದರೆಯಿಲ್ಲ ಎಂದು. ಗಂಟೆ ಹೇಳಿದರೆ ಜನ ಗಡಿಯಾರ ನೋಡುತ್ತಾರೆ. ಭಾವ ಅಡಿಕೆ ಕೊನೆಯನ್ನು ನೋಡಿ ಎಂದ. ಕಾಯಿಯ ಮೇಲೆ ನೀಲಿ ಪದರ ಒಣಗಿ ಕೂತಿದ್ದರೆ ಮಳೆಯನ್ನು ತಾಳುತ್ತದೆ, ಹಸಿಯಿರುವಾಗಲೇ ಮಳೆ ಹೊಡೆದರೆ ತೊಳೆದುಹೋಗುತ್ತದೆ. ಕಾಳುಮೆಣಸಿನ ಬಳ್ಳಿಗೂ ಶೇಕಡಾ ಒಂದರ ಇದೇ ದ್ರಾವಣ ಆಗುತ್ತದೆ. ಬೆರೆಸಿದ್ದನ್ನು ಅಂದೇ ಮುಗಿಸಬೇಕು. ತುತ್ತದ ನೀರು, ಸುಣ್ಣದ ನೀರು ಬೇರೆ ಬೇರೆಯಾಗಿದ್ದರೆ ಮಾತ್ರ ಇಡಬಹುದು. ಇವಕ್ಕೆ ಮೂರು ಮೂರು ವಾಕ್ಯ ಸಾಕಾಯಿತು.

ಉದ್ದ ಮತ್ತು ಅಧ್ಯಾಯಗಳು

ಭಾವ ಕ್ಯಾಮೆರಾ ಮುಂದೆ ನಿಮಿಷಕ್ಕೆ ಸುಮಾರು ತೊಂಬತ್ತೈದು ಪದ ಮಾತಾಡುತ್ತಾನೆ, ಹಳೆಯ ವಿಡಿಯೊದಲ್ಲಿ ಎಣಿಸಿ ನೋಡಿದ್ದೆ. ನನ್ನ ಸ್ಕ್ರಿಪ್ಟ್ ಸಾವಿರದ ನಾನೂರ ಐವತ್ತು ಪದವಿತ್ತು, ಅಂದರೆ ಮಾತಿಗೇ ಹದಿನೈದು ನಿಮಿಷ. ಒಂಬೈನೂರಕ್ಕೆ ಇಳಿಸಿದೆ. ಹೋದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಯನ್ನು ಮತ್ತೆ ವಿವರಿಸುವ ಮಾತು. "ಬಹಳ ಜನ ಕೇಳಿದ್ದಾರೆ, ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರ ಹೇಳುವ ಮೊದಲು" ಎಂಬಂಥವು. ಪ್ರಶ್ನೆ ತೆರೆಯ ಮೇಲೆ ಇರುವಾಗ ಬಾಯಿಂದ ಬರುವ ಮೊದಲ ವಾಕ್ಯವೇ ಉತ್ತರವಾಗಿರಬೇಕು. ಕಾರಣ, ಅಪವಾದ ಆಮೇಲೆ.

ಅಧ್ಯಾಯಗಳ ಪಟ್ಟಿಯನ್ನು ವಿವರಣೆಯಲ್ಲಿ ಹೀಗೆ ಹಾಕಿದೆವು. ಮೊದಲ ಸಾಲು `0:00` ಆಗಿರಬೇಕು, ಕನಿಷ್ಠ ಮೂರು ಸಾಲಿರಬೇಕು, ಪ್ರತಿಯೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಇಲ್ಲವಾದರೆ ಯೂಟ್ಯೂಬ್ ಅದನ್ನು ಅಧ್ಯಾಯವೆಂದು ಗುರುತಿಸುವುದಿಲ್ಲ.

```
0:00 ನಿಮ್ಮಿಂದ ಬಂದ 117 ಪ್ರಶ್ನೆಗಳು
0:35 ಯಾವ ಸುಣ್ಣ, ಎಷ್ಟು ಸುಣ್ಣ?
3:20 ದ್ರಾವಣ ಸರಿಯಾಯಿತೇ? ಕತ್ತಿಯ ಪರೀಕ್ಷೆ
6:05 ಯಾವ ಪಾತ್ರೆ, ಯಾವುದಕ್ಕೆ ಯಾವುದನ್ನು ಸುರಿಯಬೇಕು?
8:10 ಮಳೆ ಮತ್ತು ಎರಡನೆಯ ಸಿಂಪಡಣೆ
9:40 ಕಾಳುಮೆಣಸು, ಉಳಿದ ದ್ರಾವಣ
```

ಅಧ್ಯಾಯದ ಹೆಸರುಗಳೂ ಪ್ರಶ್ನೆಯ ರೂಪದಲ್ಲಿರಲಿ ಎಂದು ಭಾವ ಹೇಳಿದ. ಡ್ರಮ್ಮಿನ ಮುಂದೆ ನಿಂತು ಒದ್ದೆ ಕೈಯಲ್ಲಿ ಮೊಬೈಲ್ ಒತ್ತುವವರು ಹುಡುಕುವುದು ತಮ್ಮ ಪ್ರಶ್ನೆಯನ್ನೇ.

ವಿಡಿಯೊ ಜುಲೈ ಐದಕ್ಕೆ ಹೋಯಿತು. ಅದಾದ ಮೇಲೆ ಎರಡು ಸಂಜೆ ಭಾವ ಹಳೆಯ ವಿಡಿಯೊದ ನೂರ ಹದಿನೆಂಟು ಕಮೆಂಟುಗಳಿಗೂ ಉತ್ತರಿಸಿದ, ಈ ಸಲ ಒಂದೊಂದು ಸಾಲಿನಲ್ಲಿ, ಆಯಾ ಅಧ್ಯಾಯದ ಸಮಯ ಬರೆದು. ಕೋಷ್ಟಕದಲ್ಲಿ ಪ್ರತಿ ಪ್ರಶ್ನೆಯ ಎದುರು ಗುಂಪು ಇದ್ದುದರಿಂದ ಹುಡುಕುವ ಕೆಲಸವಿರಲಿಲ್ಲ. ಕಬ್ಬಿಣದ ಡ್ರಮ್ಮಿನ ಮರುತ್ತರದ ಕೆಳಗೆ ಮಾತ್ರ ನಾಲ್ಕು ಸಾಲು ಬರೆದ. ಅವರು ಮರುದಿನ ತಮ್ಮ ಮಾತನ್ನು ತಾವೇ ತಿದ್ದಿದರು.

ಹೊಸ ವಿಡಿಯೊದ ಕೆಳಗೆ ಮೊದಲ ವಾರ ಬಂದ ಕಮೆಂಟುಗಳಲ್ಲಿ ಯಾವ ಸುಣ್ಣ ಎಂಬ ಪ್ರಶ್ನೆ ಒಂದೂ ಇಲ್ಲ. ಬಂದವುಗಳಲ್ಲಿ ಹೊಸ ಗುಂಪೊಂದು ಕೂಡುತ್ತಿದೆ: ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೆಂದಿರಿ, ಐವತ್ತು ಲೀಟರಿನ ಡ್ರಮ್ಮನ್ನು ಒಬ್ಬನೇ ಎತ್ತಿ ಸುರಿಯುವುದು ಹೇಗೆ? ಹನ್ನೊಂದು ಜನ ಕೇಳಿದ್ದಾರೆ. ಭಾವನ ತೋಟದಲ್ಲಿ ಸುರಿಯುವಾಗ ಯಾವಾಗಲೂ ಇಬ್ಬರಿರುತ್ತಾರೆ, ಕ್ಯಾಮೆರಾದ ಹೊರಗೆ ಕೊನೆಗೌಡರು ಡ್ರಮ್ಮಿನ ಇನ್ನೊಂದು ಅಂಚು ಹಿಡಿದಿದ್ದರು. ಅದು ನಮ್ಮ ಚಿತ್ರದಲ್ಲಿ ಬಂದಿಲ್ಲ. ಎತ್ತರದ ಕಟ್ಟೆಯ ಮೇಲೆ ತುತ್ತದ ಡ್ರಮ್ ಇಟ್ಟು ಪೈಪಿನಿಂದ ಕೆಳಗಿನ ಸುಣ್ಣದ ಡ್ರಮ್ಮಿಗೆ ಬಿಡುವುದನ್ನು ನಾಳೆ ಚಿತ್ರೀಕರಿಸುತ್ತೇವೆ.